20 ಕೆಜಿ ಕ್ಯಾನ್ ತುಂಬಿಸಲು ಲ್ಯಾಡರ್, ಎಫ್‌ಬಿಡಿ, ಎಸ್‌ಟಿ: ಯಾವ ಕೆಲಸ ಯಾವ ಭಾಷೆಗೆ?

ಪೀಣ್ಯದ ಸಿಎನ್‌ಸಿ ಶೆಡ್‌ಗಳಿಗೆ ಕಟಿಂಗ್ ಆಯಿಲ್ ಸರಬರಾಜು ಮಾಡುವ ಒಂದು ಸಣ್ಣ ಘಟಕ ಇದೆ ಎಂದುಕೊಳ್ಳಿ. 20 ಕೆಜಿಯ ಪ್ಲಾಸ್ಟಿಕ್ ಕ್ಯಾನ್, ಅದನ್ನಿಡಲು ಲೋಡ್‌ಸೆಲ್ ಕೂರಿಸಿದ ಪ್ಲಾಟ್‌ಫಾರ್ಮ್, ಏರ್ ಸಿಲಿಂಡರ್‌ನಲ್ಲಿ ಇಳಿಯುವ ನಾಝಲ್, ಮತ್ತು ಎರಡು ವಾಲ್ವ್. ಮೊದಲು ಎರಡೂ ವಾಲ್ವ್ ತೆರೆದು ಎಣ್ಣೆ ಸೆಕೆಂಡಿಗೆ 1.2 ಕೆಜಿಯಂತೆ ಜೋರಾಗಿ ಬೀಳುತ್ತದೆ. ತೂಕ ಗುರಿಯ ಹತ್ತಿರ ಬಂದಾಗ ದೊಡ್ಡ ವಾಲ್ವ್ ಮುಚ್ಚಿ, ಸಣ್ಣದರಿಂದ ಸೆಕೆಂಡಿಗೆ 0.15 ಕೆಜಿ ಮಾತ್ರ ಹರಿಯುತ್ತದೆ. ಕೊಡ ತುಂಬುತ್ತಾ ಬಂದ ಹಾಗೆ ನಲ್ಲಿಯನ್ನು ಸಣ್ಣ ಮಾಡುತ್ತೇವಲ್ಲ, ಅದೇ ಲೆಕ್ಕ. ಗುರಿ 20.00 ಕೆಜಿ, ಮಾಲೀಕರು ಒಪ್ಪುವ ವ್ಯತ್ಯಾಸ 20 ಗ್ರಾಂ ಹೆಚ್ಚು ಅಥವಾ ಕಡಿಮೆ. ನಿಯಂತ್ರಣಕ್ಕೆ ಸೀಮೆನ್ಸ್ ಎಸ್7-1200 ಪಿಎಲ್‌ಸಿ, ಅಂದರೆ ಯಂತ್ರ ನಡೆಸುವ ಸಣ್ಣ ಕೈಗಾರಿಕಾ ಕಂಪ್ಯೂಟರ್.

ಈ ಯಂತ್ರಕ್ಕೆ ಪ್ರೋಗ್ರಾಂ ಬರೆಯಲು ಕೂತವರ ಮುಂದೆ ಮೂರು ದಾರಿಗಳಿವೆ. 1993ರಲ್ಲಿ ಮೊದಲು ಬಂದ ಐಇಸಿ 61131-3 ಮಾನದಂಡದಲ್ಲಿ ಮೂರಕ್ಕೂ ಜಾಗವಿದೆ. ಲ್ಯಾಡರ್ ಡಯಾಗ್ರಾಂ ರಿಲೇ ಪ್ಯಾನೆಲ್‌ನ ವೈರಿಂಗ್ ಚಿತ್ರದಿಂದ ಬಂದದ್ದು. ಫಂಕ್ಷನ್ ಬ್ಲಾಕ್ ಡಯಾಗ್ರಾಂ, ಅಂದರೆ ಎಫ್‌ಬಿಡಿ, ಪೆಟ್ಟಿಗೆಯಿಂದ ಪೆಟ್ಟಿಗೆಗೆ ಗೆರೆ ಎಳೆದು ಸಂಕೇತ ಹರಿಯುವ ದಾರಿಯನ್ನು ತೋರಿಸುತ್ತದೆ. ಸ್ಟ್ರಕ್ಚರ್ಡ್ ಟೆಕ್ಸ್ಟ್, ಅಂದರೆ ಎಸ್‌ಟಿ, ಪ್ಯಾಸ್ಕಲ್ ಕಲಿತವರಿಗೆ ನೋಡಿದ ಕೂಡಲೇ ಪರಿಚಿತ ಎನಿಸುವ ಬರಹ. ಸೀಮೆನ್ಸ್‌ನಲ್ಲಿ ಅದರ ಹೆಸರು `SCL`.

"ಯಾವುದು ಒಳ್ಳೆಯದು" ಎಂದು ಕೇಳಿದರೆ ವಾದ ಮುಗಿಯುವುದಿಲ್ಲ. ಮೂರರಲ್ಲೂ ಈ ಯಂತ್ರವನ್ನು ಓಡಿಸಬಹುದು. ಒಂದೊಂದು ಭಾಷೆ ಯಾವ ತಪ್ಪನ್ನು ಕಣ್ಣಿಗೆ ತೋರಿಸುತ್ತದೆ, ಯಾವುದನ್ನು ಮುಚ್ಚಿಡುತ್ತದೆ ಎಂದು ನೋಡಿದರೆ ಆಯ್ಕೆ ಸುಲಭವಾಗುತ್ತದೆ. ಈ ಯಂತ್ರದೊಳಗೆ ಬೇರೆ ಬೇರೆ ಸ್ವಭಾವದ ಮೂರು ಕೆಲಸಗಳಿವೆ: ವಾಲ್ವ್ ತೆರೆಯಲು ಅನುಮತಿ ಕೊಡುವುದು, ತೂಕವನ್ನು ಶುದ್ಧವಾಗಿ ಅಳೆಯುವುದು, ಹಂತ ಹಂತವಾಗಿ ಮುಂದೆ ಹೋಗುತ್ತಾ ಲೆಕ್ಕ ಹಾಕುವುದು.

ವಾಲ್ವ್‌ಗೆ ಅನುಮತಿ: ಲ್ಯಾಡರ್

ರಾತ್ರಿ ಪಾಳಿಯಲ್ಲಿ ಯಂತ್ರ ನಿಂತರೆ ಮೊದಲು ಬರುವವರು ಮೇಂಟೆನೆನ್ಸ್ ಎಲೆಕ್ಟ್ರಿಷಿಯನ್. ಐಟಿಐ ಅಥವಾ ಡಿಪ್ಲೊಮಾ ಮುಗಿಸಿದ, ಕಾಂಟ್ಯಾಕ್ಟರ್ ವೈರಿಂಗ್ ಚೆನ್ನಾಗಿ ಬಲ್ಲ ವ್ಯಕ್ತಿ. ಅವರ ಪ್ರಶ್ನೆ ಒಂದೇ: "ವಾಲ್ವ್ ಯಾಕೆ ತೆರೀತಿಲ್ಲ?" ಈ ಪ್ರಶ್ನೆಗೆ ಲ್ಯಾಡರ್‌ನಷ್ಟು ಬೇಗ ಉತ್ತರ ಕೊಡುವ ಭಾಷೆ ಇನ್ನೊಂದಿಲ್ಲ.

```
   Req_Fine  Auto     Can_OK  Noz_Dn  Air_OK  Over_Wt  Valve_Fine
|----| |-----| |---+---| |-----| |-----| |-----|/|--------( )----|
   Man_Fine  Man   |
|----| |-----| |---+
```

ಎಡಗಡೆಯಿಂದ ಓದಿ. ಆಟೋದಲ್ಲಿ ಪ್ರೋಗ್ರಾಂ ಕೇಳಿರಬೇಕು, ಇಲ್ಲವೇ ಮ್ಯಾನ್ಯುಯಲ್‌ನಲ್ಲಿ ಬಟನ್ ಒತ್ತಿರಬೇಕು. ಆಮೇಲೆ ಕ್ಯಾನ್ ಇದೆಯೆಂದು ಸೆನ್ಸರ್ ಹೇಳಬೇಕು, ನಾಝಲ್ ಪೂರ್ತಿ ಇಳಿದಿದೆಯೆಂದು ಸಿಲಿಂಡರ್‌ನ ರೀಡ್ ಸ್ವಿಚ್ ಹೇಳಬೇಕು, ಏರ್ ಪ್ರೆಷರ್ ಸರಿಯಿರಬೇಕು, ತೂಕ ಮಿತಿ ಮೀರಿರಬಾರದು. ಲ್ಯಾಪ್‌ಟಾಪ್ ಜೋಡಿಸಿ ಆನ್‌ಲೈನ್ ನೋಡಿದರೆ ಹಸಿರು ಗೆರೆ ಎಲ್ಲಿಯವರೆಗೆ ಬಂದು ನಿಂತಿದೆಯೋ ಅಲ್ಲೇ ತೊಂದರೆ. `Noz_Dn` ಹತ್ತಿರ ನಿಂತಿದ್ದರೆ ರೀಡ್ ಸ್ವಿಚ್ ಸಿಲಿಂಡರ್ ಮೇಲೆ ಜಾರಿರಬಹುದು. ಸ್ಕ್ರೂ ಸಡಿಲಿಸಿ ಎರಡು ಮಿಲಿಮೀಟರ್ ಸರಿಸಿದರೆ ಮುಗಿಯಿತು. ಪ್ರೋಗ್ರಾಂ ಬರೆದವರಿಗೆ ಫೋನ್ ಮಾಡುವ ಅಗತ್ಯವೇ ಬೀಳುವುದಿಲ್ಲ.

ಎಮರ್ಜೆನ್ಸಿ ಸ್ಟಾಪ್ ಈ ರಂಗ್‌ನಲ್ಲಿ, ಅಂದರೆ ಲ್ಯಾಡರ್‌ನ ಈ ಮೆಟ್ಟಿಲಿನಲ್ಲಿ, ಏಕಿಲ್ಲ ಎಂದು ಕೇಳಬಹುದು. ಅದು ಇಲ್ಲಿ ಇದ್ದರೂ ಸಾಲದು. ಒತ್ತಿದ ತಕ್ಷಣ ವಾಲ್ವ್ ಕಾಯಿಲ್‌ಗಳಿಗೆ ಹೋಗುವ 24 ವೋಲ್ಟ್ ಅನ್ನು ಸೇಫ್ಟಿ ರಿಲೇ ನೇರವಾಗಿ ಕತ್ತರಿಸಬೇಕು. ಪಿಎಲ್‌ಸಿಗೆ ಹೋಗುವುದು ಸುದ್ದಿ ಮಾತ್ರ. ಸಾಮಾನ್ಯ ಪಿಎಲ್‌ಸಿಯಲ್ಲಿ ಯಾವ ಭಾಷೆಯಲ್ಲಿ ಬರೆದರೂ ಈ ವೈರಿಂಗ್‌ಗೆ ಅದು ಬದಲಿಯಾಗುವುದಿಲ್ಲ.

ಲ್ಯಾಡರ್‌ನಲ್ಲಿ ಅತಿ ಸಾಮಾನ್ಯವಾದ ತಪ್ಪು ಒಂದೇ ಔಟ್‌ಪುಟ್ ಕಾಯಿಲ್ ಅನ್ನು ಎರಡು ಕಡೆ ಬರೆಯುವುದು. ಯಂತ್ರ ಕೊಟ್ಟು ಆರು ತಿಂಗಳಾದ ಮೇಲೆ "ಮ್ಯಾನ್ಯುಯಲ್ ಮೋಡ್ ಬೇಕು" ಎಂದು ಗ್ರಾಹಕರು ಕೇಳುತ್ತಾರೆ. ಬಂದವರು ಇದ್ದ ರಂಗ್ ಮುಟ್ಟಲು ಹೆದರಿ, ಕೊನೆಯಲ್ಲಿ `Man_Fine` ಬಳಸಿ ಇನ್ನೊಂದು `Valve_Fine` ಕಾಯಿಲ್ ಹಾಕಿ ಹೋಗುತ್ತಾರೆ. ಪಿಎಲ್‌ಸಿ ರಂಗ್‌ಗಳನ್ನು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಓದಿ, ಎಲ್ಲ ಮುಗಿದ ಮೇಲೆ ಔಟ್‌ಪುಟ್‌ಗಳನ್ನು ಬರೆಯುತ್ತದೆ. ಇಂಥ ಒಂದು ಸುತ್ತಿಗೆ ಸ್ಕ್ಯಾನ್ ಎನ್ನುತ್ತಾರೆ. ಹಾಗಾಗಿ ಕೊನೆಯ ಕಾಯಿಲ್ ಹೇಳಿದ್ದೇ ಗೆಲ್ಲುತ್ತದೆ. ಆಟೋದಲ್ಲಿ ಮೇಲಿನ ರಂಗ್ ಪೂರ್ತಿ ಹಸಿರಾಗಿರುತ್ತದೆ, ವಾಲ್ವ್ ಮಾತ್ರ ತೆರೆಯುವುದಿಲ್ಲ. ಹಸಿರು ರಂಗ್ ಇದ್ದೂ ಔಟ್‌ಪುಟ್ ಲ್ಯಾಂಪ್ ಹತ್ತದಿದ್ದರೆ ಹಾರ್ಡ್‌ವೇರ್ ಬಿಚ್ಚುವ ಮೊದಲು ಕ್ರಾಸ್ ರೆಫರೆನ್ಸ್ ತೆಗೆದು, ಆ ಔಟ್‌ಪುಟ್‌ಗೆ ಎಷ್ಟು ಕಡೆ ಬರೆಯಲಾಗಿದೆ ಎಂದು ಎಣಿಸಬೇಕು. ಮೇಲಿನ ಚಿತ್ರದಲ್ಲಿ ಮ್ಯಾನ್ಯುಯಲ್ ದಾರಿಯನ್ನು ಅದೇ ರಂಗ್‌ಗೆ ಸಮಾನಾಂತರವಾಗಿ ಜೋಡಿಸಿರುವುದು ಇದಕ್ಕೇ. ಅದರಿಂದ ಮ್ಯಾನ್ಯುಯಲ್‌ನಲ್ಲೂ ಕ್ಯಾನ್ ಇಲ್ಲದೆ ಎಣ್ಣೆ ಸುರಿಯುವುದಿಲ್ಲ.

ಇಷ್ಟೆಲ್ಲ ಚೆನ್ನಾಗಿರುವ ಲ್ಯಾಡರ್ ಹಂತಗಳ ಸರಣಿಗೆ ಬಂದಾಗ ತಿಣುಕುತ್ತದೆ. ಪ್ರತಿ ಹಂತಕ್ಕೂ ಒಂದು ಬಿಟ್ ಇಟ್ಟು, ಮುಂದಿನದನ್ನು ಸೆಟ್ ಮಾಡಿ ಹಿಂದಿನದನ್ನು ರೀಸೆಟ್ ಮಾಡುತ್ತಾ ಹೋಗುವುದು ಹಳೆಯ ಪದ್ಧತಿ. ಎಲ್ಲೋ ಒಂದು ರೀಸೆಟ್ ಮರೆತರೆ ಎರಡು ಹಂತಗಳು ಒಟ್ಟಿಗೆ ಜೀವಂತವಾಗಿರುತ್ತವೆ: ಒಂದು ಕಡೆ ನಾಝಲ್ ಮೇಲೇಳುತ್ತಿದೆ, ಇನ್ನೊಂದು ಕಡೆ ತುಂಬುವ ಹಂತವೂ ಆನ್. ವಾಲ್ವ್‌ಗೆ ಅನುಮತಿ ಕೊಡುವ ಮೇಲಿನ ರಂಗ್ ಎಣ್ಣೆ ಚೆಲ್ಲದಂತೆ ಕಾಪಾಡೀತು. ಆದರೆ ಯಂತ್ರ ಯಾವ ಹಂತದಲ್ಲಿದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ.

ತೂಕದ ದಾರಿ: ಎಫ್‌ಬಿಡಿ

ಲೋಡ್‌ಸೆಲ್‌ನ ಸಂಕೇತ ಟ್ರಾನ್ಸ್‌ಮಿಟರ್ ಮೂಲಕ 4-20 ಮಿಲಿಆಂಪ್ ಆಗಿ ಪಿಎಲ್‌ಸಿಗೆ ಬರುತ್ತದೆ. ಸೀಮೆನ್ಸ್‌ನಲ್ಲಿ ಅದು 0ಯಿಂದ 27648ರವರೆಗಿನ ಸಂಖ್ಯೆಯಾಗಿ ಕಾಣುತ್ತದೆ. ಟ್ರಾನ್ಸ್‌ಮಿಟರ್ ಅನ್ನು 0-30 ಕೆಜಿಗೆ ಹೊಂದಿಸಿದ್ದರೆ ಒಂದು ಎಣಿಕೆಗೆ ಸುಮಾರು 1.1 ಗ್ರಾಂ. ಕೇಳಲು ಸಾಕಷ್ಟು ಸೂಕ್ಷ್ಮ ಎನಿಸುತ್ತದೆ. ಆದರೆ ಅಗ್ಗವೆಂದು 13-ಬಿಟ್ ಅನಲಾಗ್ ಮಾಡ್ಯೂಲ್ ತಂದಿದ್ದರೆ ಸಂಖ್ಯೆ 8ರ ಹೆಜ್ಜೆಯಲ್ಲಿ ಮಾತ್ರ ಬದಲಾಗುತ್ತದೆ, ಅಂದರೆ ಒಂದೊಂದು ಹೆಜ್ಜೆಗೆ ಸುಮಾರು 8.7 ಗ್ರಾಂ. 20 ಗ್ರಾಂ ಮಿತಿಯೊಳಗೆ ಇರಬೇಕಾದ ಯಂತ್ರಕ್ಕೆ ಇದು ಒರಟಾಯಿತು. 16-ಬಿಟ್ ಮಾಡ್ಯೂಲ್ ಹಾಕಬೇಕು. ಪ್ರೋಗ್ರಾಂ ಎಷ್ಟು ಜಾಣತನದ್ದಾದರೂ ಈ ಕೊರತೆಯನ್ನು ತುಂಬಿಕೊಡದು.

ಇಲ್ಲಿಂದ ಮುಂದಿನದು ಒಂದೇ ದಿಕ್ಕಿಗೆ ಹರಿಯುವ ಲೆಕ್ಕ. `NORM_X` ಸಂಖ್ಯೆಯನ್ನು 0ಯಿಂದ 1ರೊಳಗೆ ತರುತ್ತದೆ, `SCALE_X` ಅದನ್ನು ಕೆಜಿಗೆ ಬದಲಿಸುತ್ತದೆ. `Gross` ಒಟ್ಟು ತೂಕ, `Tare` ಖಾಲಿ ಕ್ಯಾನ್‌ನದು, `Net` ಎಣ್ಣೆಯದು:

```
AI_Raw -> NORM_X -> SCALE_X -> Filter -> Gross
Gross, Tare -> SUB -> Net
```

ಇದನ್ನು ಎಫ್‌ಬಿಡಿಯಲ್ಲಿ ಬರೆದರೆ ಆನ್‌ಲೈನ್‌ನಲ್ಲಿ ಪ್ರತಿ ಗೆರೆಯ ಮೇಲೂ ಆಗಿನ ಸಂಖ್ಯೆ ಕಾಣುತ್ತದೆ. ಪ್ಲಾಟ್‌ಫಾರ್ಮ್ ಮೇಲೆ 12 ಕೆಜಿ ಬಟ್ಟು ಇಟ್ಟಾಗ ಮೊದಲ ಪೆಟ್ಟಿಗೆಗೆ 11059ರ ಹತ್ತಿರದ ಸಂಖ್ಯೆ ಬರಬೇಕು. ಅದು ಬಂದಿದೆ, ಆದರೆ `SCALE_X` ಆದ ಮೇಲೆ 12.00 ಇಲ್ಲವೆಂದರೆ ಮಿತಿಗಳನ್ನು ತಪ್ಪು ಹಾಕಿದ್ದಾರೆ. ಮೊದಲ ಸಂಖ್ಯೆಯೇ ಸರಿಯಿಲ್ಲದಿದ್ದರೆ ತೊಂದರೆ ಪಿಎಲ್‌ಸಿಯ ಹೊರಗಿದೆ: ಟ್ರಾನ್ಸ್‌ಮಿಟರ್, ಕೇಬಲ್ ಶೀಲ್ಡ್, ಅಥವಾ ಪ್ಲಾಟ್‌ಫಾರ್ಮ್ ಕೆಳಗೆ ಸಿಕ್ಕಿಕೊಂಡ ಕ್ಯಾನ್ ಮುಚ್ಚಳ. ಮುಚ್ಚಳದ ಪ್ರಕರಣ ನಂಬಲಾಗದಷ್ಟು ಸಾಮಾನ್ಯ. ಇದೇ ಲೆಕ್ಕವನ್ನು ಲ್ಯಾಡರ್‌ನಲ್ಲಿ ಬರೆಯಬಹುದು, ಆದರೆ ಪೆಟ್ಟಿಗೆಗಳು ಸಾಲಾಗಿ ಒಂದು ರಂಗ್‌ಗೆ ಜೋತುಬಿದ್ದು, ಯಾವ ಉತ್ತರ ಎಲ್ಲಿಗೆ ಹೋಯಿತೆಂದು ವೇರಿಯಬಲ್ ಹೆಸರು ಹಿಡಿದು ಹುಡುಕಬೇಕಾಗುತ್ತದೆ.

ಈ ದಾರಿಯಲ್ಲಿ ಹೆಚ್ಚು ಗಮನ ಬೇಡುವುದು ಫಿಲ್ಟರ್. ಪಂಪ್ ಕಂಪನ, ಧಾರೆಯ ಹೊಡೆತ ಎಲ್ಲ ಸೇರಿ ತೂಕ ನಡುಗುತ್ತದೆ. ಅದನ್ನು ನಯಗೊಳಿಸಲು 0.4 ಸೆಕೆಂಡು ಕಾಲಾಂಕದ, ಅಂದರೆ ಬದಲಾವಣೆಯನ್ನು ಸುಮಾರು ಅಷ್ಟು ತಡವಾಗಿ ಹಿಂಬಾಲಿಸುವ, ಫಿಲ್ಟರ್ ಹಾಕಿದೆವೆನ್ನಿ. ನಯವಾದದ್ದಕ್ಕೆ ಬೆಲೆ ತೆರಬೇಕು: ಫಿಲ್ಟರ್ ಆದ ತೂಕ ಯಾವಾಗಲೂ ನಿಜವಾದ ತೂಕದ ಹಿಂದೆ ಓಡುತ್ತದೆ. ಎಷ್ಟು ಹಿಂದೆ ಎಂಬುದಕ್ಕೆ ಲೆಕ್ಕ ಸರಳ, ಹರಿವಿನ ವೇಗವನ್ನು ಕಾಲಾಂಕದಿಂದ ಗುಣಿಸಿದರೆ ಆಯಿತು. ಜೋರು ಹರಿವಿನಲ್ಲಿ 1.2 × 0.4, ಅಂದರೆ 480 ಗ್ರಾಂ. ನಿಧಾನ ಹರಿವಿನಲ್ಲಿ 0.15 × 0.4, ಅಂದರೆ 60 ಗ್ರಾಂ. ಪರದೆ 18.80 ತೋರಿಸುವ ಹೊತ್ತಿಗೆ ಕ್ಯಾನ್‌ನಲ್ಲಿ 19.28 ಕೆಜಿ ಬಿದ್ದಾಗಿರುತ್ತದೆ.

ಈ ಅಂತರ ಇದ್ದಷ್ಟೇ ಇದ್ದರೆ ಚಿಂತೆಯಿಲ್ಲ, ಮುಂಚೆಯೇ ಕಳೆದುಬಿಡಬಹುದು. ತೊಂದರೆ ಬರುವುದು ಅದು ತಾನಾಗಿ ಬದಲಾದಾಗ, ಮತ್ತು ಎಫ್‌ಬಿಡಿ ಆ ಬದಲಾವಣೆಯನ್ನು ತೋರಿಸುವುದೇ ಇಲ್ಲ. ನಾವೇ ಬರೆದ ಫಿಲ್ಟರ್ ಬ್ಲಾಕ್ "ನನ್ನನ್ನು 10 ಮಿಲಿಸೆಕೆಂಡಿಗೊಮ್ಮೆ ಕರೆಯುತ್ತಾರೆ" ಎಂಬ ನಂಬಿಕೆಯಲ್ಲಿ ಲೆಕ್ಕ ಹಾಕುತ್ತಿರುತ್ತದೆ. ಅದನ್ನು ಮುಖ್ಯ ಸ್ಕ್ಯಾನ್‌ನಲ್ಲಿ ಇಟ್ಟರೆ, ಸ್ಕ್ಯಾನ್ 4 ಮಿಲಿಸೆಕೆಂಡಿಗೇ ಮುಗಿಯುವಾಗ ಕಾಲಾಂಕ 0.4 ಇದ್ದದ್ದು 0.16ಕ್ಕೆ ಇಳಿಯುತ್ತದೆ. ನಾಳೆ ಯಾರೋ ಪ್ರೋಗ್ರಾಂಗೆ ಇನ್ನೊಂದಿಷ್ಟು ಸೇರಿಸಿದರೆ ಸ್ಕ್ಯಾನ್ ಉದ್ದವಾಗಿ ಮತ್ತೆ ಬದಲಾಗುತ್ತದೆ. ಚಿತ್ರದಲ್ಲಿ ಪೆಟ್ಟಿಗೆ ಅದೇ, ಗೆರೆ ಅದೇ. ಕ್ಯಾನ್ ತೂಕ ಮಾತ್ರ ಬೇರೆ. ಆದ್ದರಿಂದ ತೂಕದ ದಾರಿ ಪೂರ್ತಿ ನಿಗದಿತ ಸಮಯಕ್ಕೆ ಓಡುವ ಬ್ಲಾಕ್‌ನಲ್ಲಿ ಇರಬೇಕು. ಎಸ್7-1200ರಲ್ಲಿ ಅದಕ್ಕೆ ಸೈಕ್ಲಿಕ್ ಇಂಟರಪ್ಟ್, ಸಾಮಾನ್ಯವಾಗಿ `OB30`, ಬಳಸುತ್ತಾರೆ. ಅದನ್ನು 10 ಮಿಲಿಸೆಕೆಂಡಿಗೆ ಹೊಂದಿಸಬೇಕು.

ಪೆಟ್ಟಿಗೆಗಳು ಓಡುವ ಕ್ರಮದ ಬಗ್ಗೆಯೂ ಎಫ್‌ಬಿಡಿಯಲ್ಲಿ ಹೆದರಿಸುವವರಿದ್ದಾರೆ. ಹೋಲಿಸುವ ಪೆಟ್ಟಿಗೆ ಫಿಲ್ಟರ್‌ಗಿಂತ ಮೊದಲು ಓಡಿದರೆ ಅದಕ್ಕೆ ಸಿಗುವುದು ಹಿಂದಿನ ಸುತ್ತಿನ ತೂಕ. 10 ಮಿಲಿಸೆಕೆಂಡಿನ ಸುತ್ತಿನಲ್ಲಿ ನಿಧಾನ ಹರಿವಿಗೆ ಇದರ ನಷ್ಟ ಒಂದೂವರೆ ಗ್ರಾಂ, ಬಿಟ್ಟುಬಿಡಬಹುದು. ಅದೇ ಕೆಲಸವನ್ನು 100 ಮಿಲಿಸೆಕೆಂಡಿನ ಟಾಸ್ಕ್‌ನಲ್ಲಿ ಇಟ್ಟರೆ, ಅಥವಾ ತೂಕವನ್ನು ಇಂಡಿಕೇಟರ್‌ನಿಂದ ಮಾಡ್‌ಬಸ್ ಮೂಲಕ 100 ಮಿಲಿಸೆಕೆಂಡಿಗೊಮ್ಮೆ ತರಿಸಿದರೆ, 15 ಗ್ರಾಂ ಹೋಯಿತು. 20 ಗ್ರಾಂ ಮಿತಿಯ ಮುಕ್ಕಾಲು ಭಾಗ ಅಲ್ಲೇ ಖರ್ಚು.

ಹಂತಗಳು ಮತ್ತು ಲೆಕ್ಕ: ಎಸ್‌ಟಿ

ನಾಝಲ್ ಇಳಿಸು, ಖಾಲಿ ಕ್ಯಾನ್ ತೂಕ ಕಳೆ, ಜೋರಾಗಿ ತುಂಬು, ನಿಧಾನವಾಗಿ ತುಂಬು, ನಿಲ್ಲಲು ಬಿಡು, ನಾಝಲ್ ಎತ್ತು. ಇದನ್ನು ಎಸ್‌ಟಿಯ `CASE` ನಲ್ಲಿ ಬರೆದರೆ ಒಂದು ಪುಟ ಕೂಡ ಆಗುವುದಿಲ್ಲ:

```
CASE Step OF
  0:  IF Start AND Can_OK THEN Step := 10; END_IF;
  10: IF Noz_Dn AND Stable THEN
        Tare := Gross; Step := 20;
      END_IF;
  20: IF Net >= Coarse_Cut THEN Step := 30; END_IF;
  30: IF Net >= Target - Preact THEN Step := 40; END_IF;
  40: IF tSettle.Q THEN
        (* ತಿದ್ದುಪಡಿ ಇಲ್ಲಿ, ಒಮ್ಮೆ ಮಾತ್ರ *)
        Step := 50;
      END_IF;
  50: IF Noz_Up AND NOT Can_OK THEN Step := 0; END_IF;
END_CASE;

Req_Coarse := (Step = 20);
Req_Fine   := (Step = 20) OR (Step = 30);
tSettle(IN := (Step = 40), PT := T#1500MS);
```

`Step` ಒಂದೇ ಸಂಖ್ಯೆಯಾದ್ದರಿಂದ ಎರಡು ಹಂತ ಒಟ್ಟಿಗೆ ಆನ್ ಆಗುವ ಮಾತೇ ಇಲ್ಲ. ಲ್ಯಾಡರ್‌ನ ದೊಡ್ಡ ತಲೆನೋವು ಭಾಷೆಯ ರಚನೆಯಿಂದಲೇ ಹೋಯಿತು.

`Preact` ಏನೆಂದರೆ, ಗುರಿಗೆ ಎಷ್ಟು ಮುಂಚೆ ಸಣ್ಣ ವಾಲ್ವ್ ಮುಚ್ಚಲು ಹೇಳಬೇಕು ಎಂಬ ತೂಕ. ನಮ್ಮ ಯಂತ್ರದಲ್ಲಿ ಫಿಲ್ಟರ್ ಹಿಂದೆ ಉಳಿಯುವುದು 60 ಗ್ರಾಂ. ವಾಲ್ವ್ ಮುಚ್ಚಲು 0.25 ಸೆಕೆಂಡು ಹಿಡಿದರೆ ಅಷ್ಟರಲ್ಲಿ ಬೀಳುವುದು ಸುಮಾರು 38 ಗ್ರಾಂ. ಒಟ್ಟು 98 ಗ್ರಾಂ. ನಾಝಲ್ ತುದಿಯಿಂದ ಹನಿಯುವುದನ್ನು ಸದ್ಯಕ್ಕೆ ಬದಿಗಿಡೋಣ. ಹಾಗಾಗಿ ತೋರುವ ತೂಕ 19.902 ಆದಾಗ ಮುಚ್ಚಲು ಹೇಳಿದರೆ ಕ್ಯಾನ್ 20.000ಕ್ಕೆ ನಿಲ್ಲುತ್ತದೆ.

ಆದರೆ ಎಣ್ಣೆ ಇಡೀ ದಿನ ಒಂದೇ ರೀತಿ ಹರಿಯುವುದಿಲ್ಲ. ಡಿಸೆಂಬರ್‌ನ ಬೆಂಗಳೂರಿನಲ್ಲಿ ಬೆಳಗಿನ ಪಾಳಿಯ ಎಣ್ಣೆ ಮಂದ, ಮಧ್ಯಾಹ್ನದ ಹೊತ್ತಿಗೆ ತೆಳು. ಬೆಳಗ್ಗೆ ನಿಧಾನ ಹರಿವು 0.15ರಿಂದ 0.11ಕ್ಕೆ ಇಳಿದರೆ ಬೇಕಾದ `Preact` 0.65 ಸೆಕೆಂಡು × 0.11, ಅಂದರೆ ಸುಮಾರು 72 ಗ್ರಾಂ. ಹಿಂದಿನ ದಿನದ 98 ಹಾಗೇ ಉಳಿದಿದ್ದರೆ ಕ್ಯಾನ್ 26 ಗ್ರಾಂ ಕಡಿಮೆ ತುಂಬುತ್ತದೆ, ಮಿತಿಯಿಂದ ಹೊರಗೆ. ಇದನ್ನು ಯಂತ್ರವೇ ತಿದ್ದಿಕೊಳ್ಳಬೇಕು:

```
Err := Net - Target;
IF ABS(Err) < 0.15 THEN
  Preact := LIMIT(MN := 0.02, IN := Preact + 0.3 * Err, MX := 0.25);
END_IF;
```

ಪ್ರತಿ ಕ್ಯಾನ್ ಆದ ಮೇಲೆ ತಪ್ಪಿನ ಶೇ. 30ರಷ್ಟನ್ನು ತಿದ್ದುತ್ತದೆ. 26 ಗ್ರಾಂ ಕೊರತೆ ಮುಂದಿನ ಕ್ಯಾನ್‌ನಲ್ಲಿ 18, ಆಮೇಲೆ 13, ಆಮೇಲೆ 9. ಪೂರ್ತಿ ತಪ್ಪನ್ನು ಒಮ್ಮೆಗೇ ತಿದ್ದಿದರೆ ಪಕ್ಕದಲ್ಲಿ ಯಾರೋ ಟ್ರಾಲಿ ತಳ್ಳಿದ ಕಂಪನಕ್ಕೂ ಯಂತ್ರ ಪ್ರತಿಕ್ರಿಯಿಸಿ ಮುಂದಿನ ಕ್ಯಾನ್ ಕೆಡುತ್ತದೆ. 0.15 ಕೆಜಿಗಿಂತ ದೊಡ್ಡ ತಪ್ಪನ್ನು ಕಲಿಯಲು ಬಳಸುವುದಿಲ್ಲ. ಅದು ಆಪರೇಟರ್ ಕ್ಯಾನ್ ಮೇಲೆ ಕೈಯಿಟ್ಟದ್ದು ಇರಬಹುದು. ಇವೇ ನಾಲ್ಕು ಸಾಲನ್ನು ಲ್ಯಾಡರ್‌ಗೆ ಇಳಿಸಿದರೆ ಕಳೆಯುವ, ಗುಣಿಸುವ, ಕೂಡುವ, ಹೋಲಿಸುವ, ಮಿತಿಗೊಳಿಸುವ ಪೆಟ್ಟಿಗೆಗಳ ಸರಮಾಲೆಯಾಗುತ್ತದೆ. ಬರೆದವರೇ ಮರುವರ್ಷ ಬಂದು ಓದಲು ಕಷ್ಟಪಡುತ್ತಾರೆ.

ಜೋರು ಹರಿವನ್ನು ಎಲ್ಲಿ ನಿಲ್ಲಿಸಬೇಕು ಎಂಬುದನ್ನೂ ಇಲ್ಲೇ ನೋಡಿಬಿಡೋಣ. ತೋರುವ ತೂಕ 18.80 ಆದಾಗ ನಿಲ್ಲಿಸಿದರೆ ಕ್ಯಾನ್‌ನಲ್ಲಿ ನಿಜವಾಗಿ 19.28 ಇರುತ್ತದೆ, ದೊಡ್ಡ ವಾಲ್ವ್ ಮುಚ್ಚುವಷ್ಟರಲ್ಲಿ ಇನ್ನೂ ಸುಮಾರು 0.30 ಬಿದ್ದು 19.58 ಆಗುತ್ತದೆ. ಉಳಿದದ್ದು ನಿಧಾನ ಹರಿವಿಗೆ ಎರಡೂವರೆ ಸೆಕೆಂಡಿನ ಕೆಲಸ. ಸಮಯ ಉಳಿಸಲೆಂದು 18.80 ಅನ್ನು 19.10ಕ್ಕೆ ಏರಿಸುವ ಆಸೆ ಎಲ್ಲರಿಗೂ ಬರುತ್ತದೆ. ಆಗ ನಿಧಾನ ಹರಿವಿಗೆ ಸಿಗುವುದು ಅರ್ಧ ಸೆಕೆಂಡು. ಜೋರು ಹರಿವಿನ 480 ಗ್ರಾಂ ಹಿಂದುಳಿತ ಅಷ್ಟರಲ್ಲಿ ಕರಗುವುದಿಲ್ಲ, ತೂಕ ಇನ್ನೂ ಕಡಿಮೆ ಇದೆಯೆಂದು ನಂಬಿ ಯಂತ್ರ ಹೆಚ್ಚು ಸುರಿಯುತ್ತದೆ. ನಿಧಾನ ಹರಿವಿಗೆ ಕನಿಷ್ಠ 2 ಸೆಕೆಂಡು ಬಿಡಬೇಕು.

ಎಸ್‌ಟಿ ಮುಚ್ಚಿಡುವ ತಪ್ಪು

ಮೇಲಿನ ಕೋಡ್‌ನಲ್ಲಿ `tSettle` ಟೈಮರ್ `CASE` ನ ಹೊರಗಿದೆ. ಓದುವವರಿಗೆ 40ನೇ ಹಂತದ ಒಳಗೇ ಇದ್ದರೆ ಚೆಂದ ಎನಿಸುತ್ತದೆ, ಹೊಸಬರು ಹಾಗೇ ಬರೆಯುತ್ತಾರೆ:

```
40: tSettle(IN := TRUE, PT := T#1500MS);
    IF tSettle.Q THEN ... Step := 50; END_IF;
```

ಮೊದಲ ಕ್ಯಾನ್ ಸರಿಯಾಗಿ ತುಂಬುತ್ತದೆ. ಟೈಮರ್ ಒಂದೂವರೆ ಸೆಕೆಂಡು ಎಣಿಸುತ್ತದೆ, `Q` ಆನ್ ಆಗುತ್ತದೆ, ಹಂತ 50ಕ್ಕೆ ಹೋಗುತ್ತದೆ. ಆದರೆ ಟೈಮರ್ ರೀಸೆಟ್ ಆಗಬೇಕಾದರೆ ಅದನ್ನು `IN` ಆಫ್ ಇಟ್ಟು ಒಮ್ಮೆಯಾದರೂ ಕರೆಯಬೇಕು. 40ರಿಂದ ಹೊರಬಂದ ಮೇಲೆ ಅದನ್ನು ಯಾರೂ ಕರೆಯುವುದೇ ಇಲ್ಲ. ಎರಡನೇ ಕ್ಯಾನ್ 40ಕ್ಕೆ ಬಂದಾಗ `Q` ಹಿಂದಿನ ಬಾರಿಯಿಂದ ಆನ್ ಆಗಿಯೇ ಇರುತ್ತದೆ. ಕಾಯುವ ಸಮಯ ಸೊನ್ನೆ.

ಪರಿಣಾಮ ಹೇಗಿರುತ್ತದೆಂದು ಸಂಖ್ಯೆ ಹಿಡಿದು ನೋಡಿ. `Preact` 98 ಗ್ರಾಂ ಇರುವಾಗ ವಾಲ್ವ್ ಮುಚ್ಚಲು ಹೇಳಿದ ಕ್ಷಣದಲ್ಲೇ ತೂಕ ಓದಿದರೆ 19.902 ಸಿಗುತ್ತದೆ. ಕ್ಯಾನ್ ಆಮೇಲೆ ಸರಿಯಾಗಿ 20.000ಕ್ಕೆ ನಿಲ್ಲುತ್ತದೆ, ಆದರೆ ಪ್ರೋಗ್ರಾಂ ಆಗಲೇ "98 ಗ್ರಾಂ ಕಡಿಮೆಯಾಯಿತು" ಎಂದು ತೀರ್ಮಾನಿಸಿ `Preact` ಅನ್ನು 69ಕ್ಕೆ ಇಳಿಸಿರುತ್ತದೆ. ಮುಂದಿನ ಕ್ಯಾನ್ ನಿಜವಾಗಿ 20.029, ಪರದೆಯಲ್ಲಿ 19.931. ಅದರ ಮುಂದಿನದು ನಿಜವಾಗಿ 20.050, ಪರದೆಯಲ್ಲಿ 19.952. ಹೀಗೇ ಹೋಗಿ `Preact` ಕೆಳಮಿತಿ 20 ಗ್ರಾಂಗೆ ತಾಗಿದಾಗ ಪ್ರತಿ ಕ್ಯಾನ್‌ನಲ್ಲೂ 78 ಗ್ರಾಂ ಹೆಚ್ಚು ಎಣ್ಣೆ, ಪರದೆಯಲ್ಲಿ ಮಾತ್ರ 19.980. ಪರದೆ ನೋಡಿದವರಿಗೆ ಯಂತ್ರ ತಾನಾಗಿ ಸುಧಾರಿಸುತ್ತಾ 20ರ ಹತ್ತಿರ ಬರುತ್ತಿದೆ ಎನಿಸುತ್ತದೆ. ವಾಸ್ತವದಲ್ಲಿ ಅದು ದೂರ ಹೋಗುತ್ತಿರುತ್ತದೆ. ಸಾವಿರ ಕ್ಯಾನ್‌ಗೆ 78 ಕೆಜಿ ಎಣ್ಣೆ ಪುಕ್ಕಟೆ.

ಇದನ್ನು ಹಿಡಿಯಲು ಎರಡು ದಾರಿಗಳಿವೆ. ತುಂಬಿದ ಕ್ಯಾನ್‌ಗಳನ್ನು ಬೇರೆ ತಕ್ಕಡಿಯಲ್ಲಿ ತೂಗಿ, ಮೊದಲ ಎರಡು ಕ್ಯಾನ್ ಬಿಟ್ಟು ಉಳಿದವು ಮಾತ್ರ ತಪ್ಪಿವೆಯೇ ನೋಡಿ. ಇಲ್ಲವೇ 40ನೇ ಹಂತದಲ್ಲಿ ಯಂತ್ರ ಎಷ್ಟು ಹೊತ್ತು ಇತ್ತು ಎಂದು ಅಳೆದು ಪರದೆಗೆ ಹಾಕಿ. ಅಲ್ಲಿ 1.5 ಬದಲು 0.01 ಕಂಡರೆ ಬೇರೆ ಸಾಕ್ಷಿ ಬೇಡ. ಒಂದೂವರೆ ಸೆಕೆಂಡು ಎಂಬ ಸಂಖ್ಯೆಗೂ ಕಾರಣವಿದೆ: 0.4 ಸೆಕೆಂಡಿನ ಫಿಲ್ಟರ್‌ನಲ್ಲಿ ಅಷ್ಟು ಹೊತ್ತಾದ ಮೇಲೆ ಹಿಂದುಳಿದ 60 ಗ್ರಾಂನಲ್ಲಿ ಎರಡು ಗ್ರಾಂನಷ್ಟು ಮಾತ್ರ ಬಾಕಿಯಿರುತ್ತದೆ.

ಗಮನಿಸಿ, ಲ್ಯಾಡರ್‌ನಲ್ಲಿ ಈ ತಪ್ಪು ಸಾಮಾನ್ಯವಾಗಿ ಆಗುವುದಿಲ್ಲ. ಅಲ್ಲಿ ಟೈಮರ್ ಇರುವ ರಂಗ್ ಪ್ರತಿ ಸ್ಕ್ಯಾನ್‌ನಲ್ಲೂ ಓದಲ್ಪಡುತ್ತದೆ, ಎದುರಿನ ಕಾಂಟ್ಯಾಕ್ಟ್ ಆಫ್ ಆದ ಕೂಡಲೇ ಟೈಮರ್ ರೀಸೆಟ್. ಜಂಪ್ ಹಾಕಿ ಆ ರಂಗ್ ದಾಟಿಸಿದರೆ ಮಾತ್ರ ಇದೇ ಗತಿ. ಎಫ್‌ಬಿಡಿಯಲ್ಲೂ ಪೆಟ್ಟಿಗೆ ಸದಾ ಓಡುತ್ತಿರುತ್ತದೆ. ಎಸ್‌ಟಿಯಲ್ಲಿ ಮಾತ್ರ "ಈ ಸಾಲು ಈಗ ಓಡುತ್ತಿದೆಯೇ" ಎಂದು ಪ್ರತಿ ಟೈಮರ್‌ಗೂ ಕೇಳಿಕೊಳ್ಳಬೇಕು. ತಿದ್ದುಪಡಿಯ ನಾಲ್ಕು ಸಾಲನ್ನು 40ರಿಂದ 50ಕ್ಕೆ ಹೋಗುವ ಆ ಒಂದು ಸ್ಕ್ಯಾನ್‌ನಲ್ಲೇ ಇಟ್ಟಿರುವುದೂ ಇದಕ್ಕೇ. 50ನೇ ಹಂತದ ಒಳಗೆ ಇಟ್ಟರೆ ಆಪರೇಟರ್ ಕ್ಯಾನ್ ತೆಗೆಯಲು ತೆಗೆದುಕೊಳ್ಳುವ ಐದು ಸೆಕೆಂಡಿನಲ್ಲಿ ಅದು 500 ಸಲ ಓಡುತ್ತದೆ.

ಸಿ ಅಥವಾ ಪೈಥಾನ್‌ನಿಂದ ಬಂದವರು ಬರೆಯುವ `WHILE Net < Target DO` ಇನ್ನೂ ದೊಡ್ಡ ಎಡವಟ್ಟು, ಆದರೆ ಅದು ಬೇಗ ಸಿಕ್ಕಿಬೀಳುತ್ತದೆ. ಲೂಪ್ ಒಳಗೆ ಕೂತ ಪಿಎಲ್‌ಸಿ ತೂಕವನ್ನು ಹೊಸದಾಗಿ ಲೆಕ್ಕ ಹಾಕುವ ಹಂತಕ್ಕೇ ಹೋಗದಿದ್ದರೆ `Net` ಬದಲಾಗುವುದಿಲ್ಲ, ಲೂಪ್ ಮುಗಿಯುವುದಿಲ್ಲ. ತೂಕ ಬೇರೆ ಇಂಟರಪ್ಟ್‌ನಲ್ಲಿ ಹೊಸದಾಗುತ್ತಿದ್ದರೂ ಹತ್ತಿಪ್ಪತ್ತು ಸೆಕೆಂಡು ಒಂದೇ ಸ್ಕ್ಯಾನ್‌ನಲ್ಲಿ ಕೂರುವಂತಿಲ್ಲ: ಎಸ್7-1200ರಲ್ಲಿ ಸ್ಕ್ಯಾನ್‌ಗೆ ಸಾಮಾನ್ಯವಾಗಿ ಇರುವ ಗಡುವು 150 ಮಿಲಿಸೆಕೆಂಡು. ಅದು ಮೀರಿ ಪಿಎಲ್‌ಸಿ ನಿಂತುಬಿಡುತ್ತದೆ.

ಮೂರನ್ನೂ ಸೇರಿಸುವಾಗ

ಸೀಮೆನ್ಸ್‌ನ ಪ್ರೋಗ್ರಾಂ ಬರೆಯುವ ತಂತ್ರಾಂಶವಾದ ಟಿಐಎ ಪೋರ್ಟಲ್‌ನಲ್ಲಿ ಒಂದೊಂದು ಬ್ಲಾಕ್‌ಗೆ ಒಂದೊಂದು ಭಾಷೆ ಆರಿಸಬಹುದು. ಲ್ಯಾಡರ್ ಮತ್ತು ಎಫ್‌ಬಿಡಿ ಒಂದರಿಂದ ಇನ್ನೊಂದಕ್ಕೆ ಬದಲಿಸಿಯೂ ನೋಡಬಹುದು, ಆದರೆ `SCL` ಬ್ಲಾಕ್ ಆ ಚಿತ್ರಗಳಾಗಿ ತಿರುಗುವುದಿಲ್ಲ. ಒಂದು ನಿಯಮ ಮಾತ್ರ ಬಿಡಬಾರದು: ಎಸ್‌ಟಿ ಯಾವ ಔಟ್‌ಪುಟ್ ಅನ್ನೂ ನೇರವಾಗಿ ಮುಟ್ಟುವುದಿಲ್ಲ. ಅದು `Req_Fine` ಎಂದು ಕೇಳುತ್ತದೆ, ಕೊಡುವುದು ಬಿಡುವುದು ಲ್ಯಾಡರ್‌ನ ಆ ಒಂದು ರಂಗ್. ಎಲೆಕ್ಟ್ರಿಷಿಯನ್‌ಗೆ ಎಸ್‌ಟಿ ತೆರೆದು ನೋಡುವ ಅಗತ್ಯ ಬೀಳದಂತೆ, ಪ್ರತಿ ಹಂತ ಯಾವುದಕ್ಕೆ ಕಾಯುತ್ತಿದೆ ಎಂಬ ವಾಕ್ಯವನ್ನು ಟಚ್ ಸ್ಕ್ರೀನ್‌ಗೆ ಹಾಕಬೇಕು: "ಹಂತ 10: ನಾಝಲ್ ಇಳಿಯಲು ಕಾಯುತ್ತಿದೆ". ಕನ್ನಡದಲ್ಲೇ ಹಾಕಿ, ಓದುವವರು ಅಲ್ಲಿ ನಿಂತ ಆಪರೇಟರ್ ತಾನೆ.

ಕರೆಂಟ್ ಹೋಗಿ ಬಂದಾಗಿನ ಪಾಡು ಬೇರೆಯೇ ಯೋಚಿಸಬೇಕು. `Preact` ಅನ್ನು ಉಳಿಯುವ ಮೆಮೊರಿಯಲ್ಲಿ ಇಡಿ, ಅದು ಕಲಿತ ಪಾಠ. `Step` ಅನ್ನು ಇಡಬೇಡಿ. ಕರೆಂಟ್ ಬಂದ ಕೂಡಲೇ 30ನೇ ಹಂತದಿಂದ ಮುಂದುವರಿದರೆ, ಅಷ್ಟರಲ್ಲಿ ಆಪರೇಟರ್ ಅರ್ಧ ತುಂಬಿದ ಕ್ಯಾನ್ ತೆಗೆದು ಬೇರೆ ಇಟ್ಟಿರಬಹುದು. ಕಳೆದ ಖಾಲಿ ತೂಕ ಇನ್ನಾವುದೋ ಕ್ಯಾನ್‌ನದು. ಯಂತ್ರ 0ಯಿಂದ ಶುರುವಾಗಿ, ಪ್ಲಾಟ್‌ಫಾರ್ಮ್ ಮೇಲೆ ಖಾಲಿ ಕ್ಯಾನ್‌ಗಿಂತ ಹೆಚ್ಚು ಭಾರವಿದ್ದರೆ "ಅರ್ಧ ತುಂಬಿದ ಕ್ಯಾನ್ ತೆಗೆಯಿರಿ" ಎಂದು ಹೇಳಿ ನಿಲ್ಲಲಿ. ಲ್ಯಾಡರ್‌ನಲ್ಲಿ ಹಂತಗಳನ್ನು ಸೆಟ್-ರೀಸೆಟ್ ಬಿಟ್‌ಗಳಲ್ಲಿ ಬರೆದವರು ಇಲ್ಲೇ ಎಡವುವುದು. ಮಿತ್ಸುಬಿಷಿ ಎಫ್‌ಎಕ್ಸ್‌ನಲ್ಲಿ `M500` ರಿಂದ ಮೇಲಿನ ಬಿಟ್‌ಗಳನ್ನು ತಿಳಿಯದೆ ಬಳಸಿದ್ದರೆ ಅವು ಕರೆಂಟ್ ಹೋದರೂ ಉಳಿದು, ಬಂದ ಕ್ಷಣದಲ್ಲೇ ಹಳೆಯ ಹಂತವನ್ನು ಎಬ್ಬಿಸುತ್ತವೆ.

ಬಜೆಟ್ ಕಡಿಮೆಯಿದ್ದು ಲ್ಯಾಡರ್ ಬಿಟ್ಟರೆ ಬೇರೆ ಅನುಕೂಲವಿಲ್ಲದ ಹಳೆಯ ಪಿಎಲ್‌ಸಿಯಲ್ಲೇ ಕೆಲಸ ಮುಗಿಸಬೇಕಾದಾಗಲೂ ಎಸ್‌ಟಿಯ ಒಂದು ಗುಣವನ್ನು ಅಲ್ಲಿಗೆ ತರಬಹುದು. ಹಂತಕ್ಕೊಂದು ಬಿಟ್ ಇಡುವ ಬದಲು ಒಂದೇ ರಿಜಿಸ್ಟರ್‌ನಲ್ಲಿ ಹಂತದ ಸಂಖ್ಯೆ ಇಡಿ. ಎಫ್‌ಎಕ್ಸ್‌ನಲ್ಲಾದರೆ `D100`, ಸಾಮಾನ್ಯವಾಗಿ ಇದು ಕರೆಂಟ್ ಹೋದಾಗ ಅಳಿಯುವ ರಿಜಿಸ್ಟರ್, ನಮಗೆ ಬೇಕಾದದ್ದೂ ಅದೇ:

```
|--[= D100 K20]--[>= D10 D20]----------[MOV K30 D100]--|
|--[= D100 K20]------------------------( M20 )---------|
```

ಇಲ್ಲಿ `D10` ನಿವ್ವಳ ತೂಕ, `D20` ಜೋರು ಹರಿವು ನಿಲ್ಲಿಸುವ ತೂಕ, ಎರಡೂ ಗ್ರಾಂನಲ್ಲಿ. 20 ಕೆಜಿ ಅಂದರೆ 20000, 16-ಬಿಟ್ ರಿಜಿಸ್ಟರ್‌ನ ಮಿತಿ 32767ರೊಳಗೆ ಹಿಡಿಯುತ್ತದೆ. 50 ಕೆಜಿಯ ಡ್ರಮ್‌ಗೆ ಹೋದರೆ ಹಿಡಿಯುವುದಿಲ್ಲ. ಆಗ 32-ಬಿಟ್ ಹೋಲಿಕೆ ಬಳಸಬೇಕು, ಅಥವಾ ತೂಕವನ್ನು 10 ಗ್ರಾಂನ ಘಟಕದಲ್ಲಿ ಇಟ್ಟುಕೊಳ್ಳಬೇಕು. ಹಂತ ಬದಲಿಸುವ ರಂಗ್‌ಗಳನ್ನು ಮೇಲಿನಿಂದ ಕೆಳಕ್ಕೆ 50, 40, 30, 20 ಎಂದು ತಿರುಗುಮುರುಗಾಗಿ ಬರೆದರೆ ಒಂದೇ ಸ್ಕ್ಯಾನ್‌ನಲ್ಲಿ ಎರಡು ಹಂತ ದಾಟಿಬಿಡುವ ಅಪಾಯವೂ ತಪ್ಪುತ್ತದೆ.